ಬಸ್ಸು ಕೆಟ್ಟ ದಿನ ಹೋದ ನಾಲ್ಕು ಸಾಲು

ಬನವಾಸಿ ಕಡೆಯಿಂದ ಶಿರಸಿಗೆ ಬರುವ ಬೆಳಗಿನ ಬಸ್ಸಿನಲ್ಲಿ ನಾನು, ನನ್ನ ಜೊತೆ ಕೆಲಸ ಮಾಡುವ ಹುಡುಗಿ, ಇಬ್ಬರೂ ಒಂದೇ ಸೀಟು. ನಾನು ಗುಡ್ನಾಪುರದಲ್ಲಿ ಹತ್ತುತ್ತೇನೆ, ಅವಳು ಅದಕ್ಕೂ ಹಿಂದೆ ಹತ್ತಿ ನನಗೆ ಜಾಗ ಹಿಡಿದಿರುತ್ತಾಳೆ. ಇಬ್ಬರಿಗೂ ಕೆಲಸ ಶಿರಸಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ. ನನ್ನದು ನೆಲ ಒರೆಸುವುದು. ಆಪರೇಷನ್ ಕೋಣೆಯ ಬಟ್ಟೆ ತೊಳೆಸಿ, ಕುದಿಸಿ, ಕಟ್ಟಿ ಬೀರುವಿನಲ್ಲಿ ಇಡುವುದು ಅವಳದ್ದು. ನಾನು ಅಲ್ಲಿ ಹಳಬಳು. ಅವಳು ಹೊಸಬಳು, ಮೂರು ತಿಂಗಳು ನೋಡಿ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಆ ಮೂರು ತಿಂಗಳು ಆ ವಾರವೇ ಮುಗಿಯುತ್ತಿತ್ತು.

ನಮ್ಮ ಮೇಲೆ ಇದ್ದವರು ಒಬ್ಬ ಹಿರಿಯ ಸಿಸ್ಟರು, ನಾವೆಲ್ಲ ಮೇಡಂ ಎನ್ನುತ್ತೇವೆ. ಬೆಳಿಗ್ಗೆ ಅವರು ಫೋನು ಎತ್ತುವುದಿಲ್ಲ. ರೋಗಿಗಳ ಹತ್ತಿರ ಇರುತ್ತೇನೆ, ಏನಿದ್ದರೂ ಬರೆದು ಹಾಕಿ, ಬಿಡುವಾದಾಗ ನೋಡುತ್ತೇನೆ ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ನನಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ. ಬರೆಯುವುದು ಎಂದರೆ ಬೆರಳು ಓಡುವುದಿಲ್ಲ. ಹಾಗಾಗಿ ತಡವಾದರೆ ನಾನು ಹೋಗಿಯೇ ಬೈಸಿಕೊಳ್ಳುತ್ತಿದ್ದೆ.

ಅವತ್ತು ಅರ್ಧ ದಾರಿಯಲ್ಲಿ, ಅನಾನಸ್ ಗದ್ದೆ ದಾಟಿ ಏರು ಹತ್ತುವಾಗ ಬಸ್ಸಿನಲ್ಲಿ ಸುಟ್ಟ ವಾಸನೆ ಬಂತು. ಡ್ರೈವರು ಬದಿಗೆ ನಿಲ್ಲಿಸಿ ಇಳಿದ. ಕ್ಲಚ್ ಹೋಗಿದೆ ಎಂದ. ಕಂಡಕ್ಟರು ಡಿಪೋಕ್ಕೆ ಫೋನು ಮಾಡಲು ಹೋದ. ಬಸ್ಸಿನವರೆಲ್ಲ ಒಂದೇ ಸಲ ಫೋನು ತೆಗೆದರು. ಒಬ್ಬೊಬ್ಬರದೂ ಒಂದೇ ಮಾತು: ಹತ್ತೇ ನಿಮಿಷ, ಬಂದೇಬಿಟ್ವಿ, ಇಲ್ಲೇ ಇದ್ದೇವೆ. ನಮ್ಮ ಕಡೆ ಇದು ಸುಳ್ಳಲ್ಲ, ಮರ್ಯಾದೆ. ಕಾಯುವವರಿಗೆ ಬೇಸರ ಆಗಬಾರದೆಂದು ಎಲ್ಲರೂ ಹೀಗೇ ಹೇಳುವುದು.

ಇವಳು ಫೋನು ತೆಗೆಯಲಿಲ್ಲ. ಸೊಂಟ ಮುಟ್ಟಿ ನೋಡಿಕೊಂಡಳು. ಮುಖ ಬೆಳ್ಳಗಾಯಿತು.

ಬಟ್ಟೆ ಕೋಣೆಯ ಕೀಲಿ ಅಲ್ಲಿತ್ತು. ಸಂಜೆ ಮನೆಗೆ ಹೊರಡುವಾಗ ಅದನ್ನು ಆಫೀಸಿನ ಮೊಳೆಗೆ ತೂಗುಹಾಕಬೇಕು. ನಮ್ಮ ಹೆಂಗಸರಿಗೆ ಕೀಲಿ ಸೊಂಟಕ್ಕೆ ಹೋದರೆ ಹೋಯಿತು, ಅದು ಮೈಯ ಭಾಗವೇ ಆಗಿಬಿಡುತ್ತದೆ. ಹಿಂದಿನ ಸಂಜೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಮನೆಗೆ ಒಯ್ದಿದ್ದಾಳೆ, ಬೆಳಿಗ್ಗೆ ಮತ್ತೆ ಸಿಕ್ಕಿಸಿಕೊಂಡು ಬಂದಿದ್ದಾಳೆ. ದಿನದಂತೆ ಬಸ್ಸು ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಒಂದು ಹರ್ನಿಯಾ ಆಪರೇಷನ್ ಇತ್ತು. ಅದರ ಬಟ್ಟೆ ಎಲ್ಲ ಬೀಗದ ಒಳಗೆ. ಇವಳಿಗಿಂತ ಮೊದಲು ಇದ್ದ ಹುಡುಗಿಯನ್ನು ಬಿಡಿಸಿದ್ದೂ ಕೀಲಿ ಮನೆಗೆ ಒಯ್ದದ್ದಕ್ಕೇ. ಅದು ಇವಳಿಗೂ ಗೊತ್ತಿತ್ತು.

ನಾನು ಬುದ್ಧಿ ಹೇಳಿದೆ. ಕೀಲಿಯ ಸುದ್ದಿ ಎತ್ತಬೇಡ, ಬಸ್ಸು ಕೆಟ್ಟಿದೆ ಹತ್ತು ನಿಮಿಷ ಎಂದು ಹಾಕು, ಹೋದ ಕೂಡಲೆ ಮೊಳೆಗೆ ಸಿಕ್ಕಿಸಿಬಿಡು, ಮೊಳೆಯ ಹಿಂದೆ ಬಿದ್ದಿತ್ತು ಅಂದರಾಯಿತು.

ಅವಳು ನನ್ನನ್ನು ನೋಡಿದಳು. "ಹತ್ ನಿಮಿಷ ಅಂದ್ರ ಅವ್ರು ಕಾಯ್ತಾರ ದೊಡ್ಡವ್ವ. ತಾಸು ಅಂದ್ರ ಬ್ಯಾರೆ ದಾರಿ ನೋಡ್ತಾರ."

"ಕೆಲ್ಸ ಹೋತಂದ್ರ?"

"ಅಲ್ಲೊಬ್ರು ರಾತ್ರಿಯಿಂದ ನೀರೂ ಕುಡೀದೆ ಮಲಗ್ಯಾರ," ಎಂದಳು. ಆಮೇಲೆ ನನ್ನ ಜೊತೆ ಮಾತಿಗೆ ನಿಲ್ಲಲಿಲ್ಲ.

ಮೊದಲು ಕಂಡಕ್ಟರಿನ ಹತ್ತಿರ ಹೋಗಿ ಕೇಳಿದಳು. ಡಿಪೋದಿಂದ ಬೇರೆ ಬಸ್ಸು ಬರುವುದಿಲ್ಲ, ಹಿಂದಿನ ಬಸ್ಸಿಗೆ ಇದೇ ಟಿಕೀಟಿನಲ್ಲಿ ಹತ್ತಿಸುತ್ತೇವೆ, ಅದು ಬರಲು ಮುಕ್ಕಾಲು ತಾಸು ಎಂದ. ಅದು ಕೇಳಿದ ಮೇಲೆಯೇ ಫೋನು ತೆಗೆದಳು. ಬರೆದದ್ದನ್ನು ನನಗೆ ತೋರಿಸಿದಳು. ನಾನು ಅಕ್ಷರ ಕೂಡಿಸಿ ಓದಿದೆ.

"ಮೇಡಂ, ಬನವಾಸಿ ರಸ್ತೆಯಲ್ಲಿ ಬಸ್ಸು ಕೆಟ್ಟಿದೆ. ನಾವಿಬ್ಬರೂ ಬರಲು ಒಂದೂವರೆ ತಾಸು ಆಗುತ್ತದೆ. ಬಟ್ಟೆ ಕೋಣೆಯ ಕೀಲಿ ನನ್ನ ಹತ್ತಿರ ಇದೆ, ನಿನ್ನೆ ತಪ್ಪಿ ತಂದೆ, ಹುಡುಕಬೇಡಿ. ಬೇಗ ಕಳಿಸಲು ನೋಡುತ್ತೇನೆ, ಆಗದಿದ್ದರೆ ಬೀಗ ಒಡೆಯಿರಿ."

ಅಷ್ಟೇ. ಡ್ರೈವರಿಗೆ ಬೈಗುಳ ಇಲ್ಲ, ಅಳು ಇಲ್ಲ, ದಯವಿಟ್ಟು ಕ್ಷಮಿಸಿ ಎಂದು ಮೂರು ಸಲ ಇಲ್ಲ. ಎಲ್ಲಿ, ಏಕೆ, ಎಷ್ಟು ಹೊತ್ತು, ಅಲ್ಲಿಯವರು ಏನು ಮಾಡಬೇಕು. ನಾನು ಎಷ್ಟೋ ವರ್ಷ ಬಾಯಿಯಲ್ಲಿ ಹೇಳಿದ್ದರಲ್ಲಿ ಇಷ್ಟು ಇರಲಿಲ್ಲ.

ಬಸ್ಸು ನಿಂತಲ್ಲಿ ನೆಟ್‌ವರ್ಕ್ ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ಮೆಸೇಜು ಹೋಗಲಿಲ್ಲ. ಅವಳು ಸೀರೆ ಎತ್ತಿ ಕಟ್ಟಿಕೊಂಡು ಏರಿನ ತುದಿಯವರೆಗೆ ಹತ್ತಿದಳು. ನಾನೂ ಹಿಂದೆ ಏದುಸಿರು ಬಿಡುತ್ತ ಹೋದೆ. ತುದಿಯಲ್ಲಿ ಫೋನು ಮೇಲೆ ಹಿಡಿದು ನಿಂತಳು. ಮೆಸೇಜಿನ ಕೆಳಗೆ ಒಂದು ಟಿಕ್ ಬಿತ್ತು, ಸ್ವಲ್ಪ ಹೊತ್ತಿಗೆ ಎರಡು. ನೀಲಿ ಆಗಲಿಲ್ಲ, ಮೇಡಂ ಇನ್ನೂ ನೋಡಿರಲಿಲ್ಲ.

ಆಗಲೇ ಗಂಡ ಹೆಂಡತಿ ಇಬ್ಬರು ಬೈಕಿನಲ್ಲಿ ಏರು ಹತ್ತಿ ಬಂದರು. ಇವಳು ರಸ್ತೆಗೆ ಅಡ್ಡ ನಿಂತಳು. ಗಂಡ ಬೈಯಲು ಬಾಯಿ ತೆರೆದ. ಇವಳು ಅವನನ್ನು ಬಿಟ್ಟು ಹೆಂಡತಿಗೆ ಹೇಳಿದಳು, ಆಸ್ಪತ್ರೆ ಎಲ್ಲಿ, ಕೀಲಿ ಯಾತಕ್ಕೆ ಎಂದು. ಅವರಿಗೂ ಶಿರಸಿಗೇ ಹೋಗುವುದಿತ್ತು. ಗುರುತಿಲ್ಲದವರ ಕೈಗೆ ಕೀಲಿ ಕೊಡುತ್ತೀಯಲ್ಲ ಎಂದು ನಾನು ಸೆರಗು ಜಗ್ಗಿದೆ. ಆ ಹೆಂಗಸು ಕೇಳಿಸಿಕೊಂಡಳು. "ನಿಮ್ ಬೀಗದ ಬಟ್ಟೆ ತಗಂಡು ನಾನೇನ್ ಸೀರೆ ಉಡ್ಲೇನವ್ವಾ?" ಎಂದು ನಕ್ಕು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೋದಳು. ಇವಳು ತಡೆದಳು. "ಅಲ್ಲಿ ಬ್ಯಾಡಕ್ಕಾ. ಕೈಯಾಗ ಹಿಡ್ಕ."

ಬೈಕು ಹೋದ ಮೇಲೆ ಇನ್ನೊಂದು ಸಾಲು ಹಾಕಿದಳು. ಕೀಲಿ ಬೈಕಿನಲ್ಲಿ ಬರುತ್ತಿದೆ, ಹಸಿರು ಸೀರೆಯ ಅಕ್ಕ, ಗೇಟಿನ ವಾಚ್‌ಮನ್ ಕೈಗೆ ಕೊಡುತ್ತಾರೆ. ಆಮೇಲೆ ಮೋರಿಯ ಕಟ್ಟೆಯ ಮೇಲೆ ಕುಳಿತಳು. ಮನೆಯಲ್ಲಿ ಅವಳ ದುಡಿಮೆ ಒಂದೇ. ನಾನು ಡಬ್ಬಿ ಬಿಚ್ಚಿ ರೊಟ್ಟಿ ಕೊಟ್ಟೆ. ತಿನ್ನಲಿಲ್ಲ, ಹಿಡಿದುಕೊಂಡು ಕೂತಳು.

ಹಿಂದಿನ ಬಸ್ಸು ಕಾಲೇಜಿನ ಮಕ್ಕಳನ್ನು ತುಂಬಿಕೊಂಡು ಬಂತು. ಬಾಗಿಲಲ್ಲಿ ಒಂದು ಕಾಲಿನ ಮೇಲೆ ನಿಂತು ಹೋದೆವು. ಇಸಳೂರಿಗೆ ಹೋಗಬೇಕಾದ ಒಬ್ಬ ಮುದುಕ ನನ್ನ ಕಾಲು ತುಳಿದೇ ಇದ್ದ. ಊರು ಹತ್ತಿರ ಬಂದಾಗ ಫೋನು ಸದ್ದು ಮಾಡಿತು. ಮೇಡಂ ಬರೆದದ್ದು ಎರಡೇ ಮಾತು: "ಕೀಲಿ ಬಂತು." ಬನ್ನಿ ಎಂದೂ ಇಲ್ಲ, ಬೇಡ ಎಂದೂ ಇಲ್ಲ.

ಹೋದಾಗ ಆಪರೇಷನ್ ಶುರುವಾಗಿತ್ತು. ಅದು ಮುಗಿಯುವವರೆಗೆ ಇವಳು ಬಟ್ಟೆ ಕೋಣೆಯಲ್ಲಿ ಮಡಚಿದ್ದನ್ನೇ ಮಡಚಿದಳು. ಆಮೇಲೆ ಮೇಡಂ ಬಂದು ನನ್ನೆದುರೇ ಚೆನ್ನಾಗಿ ಬೈದರು. ಕೀಲಿ ಏನು ತವರಿನಿಂದ ತಂದದ್ದೇ ಎಂದರು. ಬೈದು ಮುಗಿದ ಮೇಲೆ ಮೇಡಂ ದನಿ ಇಳಿಸಿದರು.

"ಹಿಂದಿನ ಹುಡುಗಿಯೂ ಒಯ್ದಿದ್ಲು. ಅರ್ಧ ದಿನ ಹುಡುಕಿದ್ಮೇಲೆ ಹೇಳಿದ್ಲು. ನಾನು ಹುಡುಕೋ ಮೊದ್ಲೇ ನೀನು ಹೇಳ್ದೆ. ನೀ ಇರು."

ಅಷ್ಟು ಹೇಳಿ ಹೋದರು. ಅವರೂ ಮಾತಿನಲ್ಲಿ ಇವಳಂತೆಯೇ, ಬೇಕಾದಷ್ಟೇ.

ಮರುದಿನ ನೋಡಿದರೆ ಆ ಕೀಲಿಗೆ ಗೇಣುದ್ದದ ಮರದ ತುಂಡು ಕಟ್ಟಿತ್ತು. ಇನ್ನು ಯಾವ ಹೆಂಗಸಿನ ಸೊಂಟದಲ್ಲೂ ಅದು ನಿಲ್ಲುವುದಿಲ್ಲ. ಕಟ್ಟಿದ್ದು ಮೇಡಂ ಅಲ್ಲ, ಇವಳೇ.