ಮೂಲೆಯಲ್ಲ, ಬದಿಯ ನಡುವಿನ ಮನೆ

ಕಚೇರಿಯಲ್ಲಿ ಎಲ್ಲರೂ ಅವನನ್ನು ಒಗಟಪ್ಪ ಎನ್ನುತ್ತಿದ್ದೆವು. ನಮ್ಮ ಪತ್ರಿಕೆಯ ಮಕ್ಕಳ ಪುಟಕ್ಕೆ ವಾರವಾರವೂ ಒಗಟು ಮಾಡಿಕೊಡುವುದು ಅವನ ಕೆಲಸ, ಕರಡು ತಿದ್ದುವುದು ನನ್ನದು. ಹೋದ ತಿಂಗಳು ಅವನು ತೀರಿಕೊಂಡ. ಅವನದು ಬಹಳ ಮೃದು ಸ್ವಭಾವ ಎಂದು ಬರೆಯಲು ಪುಟದ ಸಂಪಾದಕರು ಹೇಳಿದ್ದಾರೆ. ಮೃದು ಏನೂ ಇರಲಿಲ್ಲ.

ಅವನ ಕೊನೆಯ ಒಗಟು ಇಂಟು-ಸೊನ್ನೆ ಆಟದ್ದು. ಒಂಬತ್ತು ಮನೆ, ಒಂದೇ ಸಾಲಿನ ಮೂರರಲ್ಲೂ ತನ್ನ ಗುರುತು ಇಟ್ಟವನು ಗೆದ್ದ. ಎದುರುಬದುರು ಮೂಲೆಗಳಲ್ಲಿ ಇಂಟು, ನಟ್ಟನಡುವೆ ಸೊನ್ನೆ. ಈಗ ಸೊನ್ನೆಯ ಸರದಿ, ಎಲ್ಲಿಟ್ಟರೆ ಸೋಲುವುದಿಲ್ಲ? ಎದುರಾಳಿ ದಡ್ಡ ಎಂದುಕೊಂಡು ಅವನು ಒಗಟು ಮಾಡಿದವನಲ್ಲ. ಊಟ ಆರಿದರೂ ಸರಿ, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಒಂದೊಂದು ಮನೆಯನ್ನೂ ಆಡಿ ನೋಡಿದ್ದ. ಉತ್ತರ: ಯಾವುದಾದರೂ ಬದಿಯ ನಡುವಿನ ಮನೆ.

ಪುಟ ಕಟ್ಟುವಾಗ ಆ ಸಾಲು ಜಾಗದಲ್ಲಿ ಹಿಡಿಯಲಿಲ್ಲ. ಸಂಪಾದಕರು ಅದನ್ನು ಕತ್ತರಿಸಿ 'ಮೂಲೆ' ಎಂದು ಹಾಕಿಸಿದರು. ಕರಡು ನನ್ನ ಕೈ ದಾಟಿದ ಮೇಲೆ.

ಒಗಟಪ್ಪ ಅಚ್ಚಾದ ಪುಟ ಹಿಡಿದುಕೊಂಡೇ ಸಂಪಾದಕರ ಬಳಿ ಬಂದ.

"ಮೂಲೇಲಿಟ್ರೆ ಮಗು ಸೋಲುತ್ತೆ ಸ್ವಾಮಿ."

"ಮೂಲೆ ಹಿಡಿದವನೇ ಗಟ್ಟಿ ಅಂತ ಊರಿಗೆಲ್ಲ ಗೊತ್ತು ಮಾರಾಯ."

"ಹಾಗಾದ್ರೆ ಹಿಡೀರಿ."

ಸಂಪಾದಕರು ಖಾಲಿಯಿದ್ದ ಒಂದು ಮೂಲೆಯಲ್ಲಿ ಸೊನ್ನೆ ಬರೆದರು. ಓರೆಸಾಲಿನಲ್ಲಿ ಎರಡು ಸೊನ್ನೆ ಕೂಡಿದವು. ಒಗಟಪ್ಪ ಆ ಸಾಲು ಅಡ್ಡಗಟ್ಟಲು ಉಳಿದ ಮೂಲೆಯಲ್ಲಿ ಇಂಟು ಇಟ್ಟ. ಅಷ್ಟೇ. ಮೂರು ಮೂಲೆ ಅವನವು, ಎರಡು ಬದಿಗಳಲ್ಲಿ ನಡುವಿನ ಮನೆ ಖಾಲಿ. ಒಂದನ್ನು ಮುಚ್ಚಿದರೆ ಇನ್ನೊಂದರಲ್ಲಿ ಗೆಲುವು.

"ನಂಗೆ ತಲೆನೋವಿತ್ತು, ಗಮನ ಇರಲಿಲ್ಲ."

"ಈಗ ಬದಿಯ ನಡುವಿನ ಮನೇಲಿಟ್ಟು ನೋಡಿ. ನೀವು ಬೆದರಿಸ್ತೀರಿ, ನಾನು ಮುಚ್ತೀನಿ. ನಾನು ಬೆದರಿಸ್ತೀನಿ, ನೀವು ಮುಚ್ತೀರಿ. ಕೊನೆಗೆ ಸಮ. ತಲೆನೋವಿದ್ರೂ ಸಮ."

"ಆಯ್ತಪ್ಪ, ಮುಂದಿನ ವಾರ ತಿದ್ದುಪಡಿ ಹಾಕೋಣ."

ಮುಂದಿನ ವಾರ ಆ ಜಾಗಕ್ಕೆ ಸಾಬೂನಿನ ಜಾಹೀರಾತು ಬಂತು. ಅದರ ಮರುವಾರ ಪುಟವೇ ಇರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲೂ ಅವನು ಕೇಳಿದ್ದು ಅದನ್ನೇ: "ಬಂತೇನೋ?" ಬರುತ್ತೆ ಬಿಡೋ ಎಂದೆ. "ನನ್ನ ಮಾತು ನಂಬಿ ಯಾವುದೋ ಮಗು ಮೂಲೇಲಿಟ್ಟು ಸೋಲ್ತಾ ಇರುತ್ತೆ ಕಣೋ," ಎಂದು ಗೋಡೆಯ ಕಡೆ ತಿರುಗಿಕೊಂಡ.

ಸಾವಿನ ಮನೆಗೆ ಸಂಪಾದಕರು ದೊಡ್ಡ ಹಾರ ತಂದರು. ಅವನ ಹೆಂಡತಿ ಅದನ್ನು ತೆಗೆದುಕೊಂಡು, "ತಿದ್ದುಪಡಿ ಯಾವಾಗ ಅಣ್ಣಾ?" ಎಂದಳು. ಅವರು ಚಪ್ಪಲಿ ಹುಡುಕತೊಡಗಿದರು.

ಈಗ ಈ ಬರಹಕ್ಕೆ ಅದೇ ಪುಟದಲ್ಲಿ ಜಾಗ ಕೊಟ್ಟಿದ್ದಾರೆ. ಸಾಲದೆ ಹೋದರೆ ಮೇಲಿನದೆಲ್ಲ ಕತ್ತರಿಸಲಿ, ನನ್ನ ಹೆಸರನ್ನೂ ತೆಗೆಯಲಿ. ಇದೊಂದು ಸಾಲು ಉಳಿದರೆ ಸಾಕು: ಮಕ್ಕಳೇ, ಆ ಒಗಟಿನಲ್ಲಿ ಸೊನ್ನೆಯನ್ನು ಮೂಲೆಯಲ್ಲಿ ಇಡಬೇಡಿ, ಯಾವುದಾದರೂ ಬದಿಯ ನಡುವಿನ ಮನೆಯಲ್ಲಿ ಇಡಿ.