ಉಪವಾಸವಿದ್ದ ನರ್ಸ್

ಪ್ರಿನ್ಸ್‌ಟನ್ ಬಳಿಯ ಔಷಧ ಕಂಪನಿಯೊಂದರಲ್ಲಿ, ರೋಗಿಗಳಿಗೆ ಕೊಡುವ ಇಂಗ್ಲಿಷ್ ಸೂಚನಾಪತ್ರಗಳನ್ನು ತಿದ್ದುವುದು ನನ್ನ ಕೆಲಸ. ಹಿಂದಿನ ವಸಂತದಲ್ಲಿ ಪಕ್ಕದ ಮೇಜಿಗೆ ಮೈಸೂರಿನ ಮುಸ್ಲಿಂ ಮನೆತನದ ಹುಡುಗಿಯೊಬ್ಬಳು ಬಂದಳು. ಮೊದಲ ದಿನವೇ ನನ್ನನ್ನು ಆಂಟಿ ಎಂದಳು. ನನ್ನ ಹೊಟ್ಟೆಕಿಚ್ಚಿಗೆ ಅಷ್ಟೇ ಸಾಕಿತ್ತು.

ಆ ವಾರ ಒಂದು ವಾಕ್ಯ ಬಂತು. ಕನ್ನಡದಲ್ಲಿ ಹೇಳುವುದಾದರೆ: ‘ರಾತ್ರಿಯಿಡೀ ಉಪವಾಸವಿದ್ದು, ನರ್ಸ್ ನಿಮ್ಮ ರಕ್ತ ತೆಗೆಯುತ್ತಾರೆ.’ ಉಪವಾಸ ಇರಬೇಕಾದವರು ರೋಗಿ. ವಾಕ್ಯ ಓದಿದರೆ ನರ್ಸ್ ಹಸಿದಿದ್ದಾರೆ. ಬರೆದವರು ‘ರಾತ್ರಿಯಿಡೀ ಉಪವಾಸವಿದ್ದು, ರಕ್ತ ತೆಗೆಯಲಾಗುವುದು’ ಎಂದು ಬದಲಿಸಿ ಕಳಿಸಿದರು. ಈಗ ರಕ್ತವೇ ಹಸಿದಿತ್ತು. ಹೊಸ ಹುಡುಗಿ ಅದನ್ನು ‘ನೀವು ರಾತ್ರಿಯಿಡೀ ಉಪವಾಸವಿದ್ದ ನಂತರ, ನರ್ಸ್ ನಿಮ್ಮ ರಕ್ತ ತೆಗೆಯುತ್ತಾರೆ’ ಎಂದು ಮಾಡಿದಳು. ಮ್ಯಾನೇಜರ್ ನಕ್ಕು, ಇಡೀ ತಂಡಕ್ಕೆ ಅದನ್ನು ತೋರಿಸಿದರು. ಯಾರು ಏನು ಮಾಡುತ್ತಾರೆಂದು ವಾಕ್ಯದಲ್ಲೇ ಹೇಳಬೇಕು ಎಂಬ ಇದೇ ಮಾತನ್ನು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಆಗ ಯಾರೂ ನಕ್ಕಿರಲಿಲ್ಲ.

ನಂತರ ಸಕ್ಕರೆ ಕಾಯಿಲೆಯ ಔಷಧದ ಪತ್ರ ಬಂತು. ‘ಸಕ್ಕರೆ ಪ್ರಮಾಣ ನೋಡಿಕೊಂಡು, ಡೋಸ್ ಹೆಚ್ಚಿಸಬಹುದು.’ ನೋಡುವವರು ಯಾರು, ಹೆಚ್ಚಿಸುವವರು ಯಾರು? ಮ್ಯಾನೇಜರ್ ಇಬ್ಬರಿಗೂ ತಿದ್ದಲು ಕೊಟ್ಟರು. ಅವಳು ರೋಗಿಯೇ ನೋಡಿ, ರೋಗಿಯೇ ಹೆಚ್ಚಿಸಲಿ ಎಂದು ಬರೆದಳು. ನಾನು ಎರಡೂ ಕಡೆ ವೈದ್ಯರನ್ನು ಇಟ್ಟೆ. ವ್ಯಾಕರಣದ ಪ್ರಕಾರ ಎರಡೂ ಸರಿ. ಆದರೆ ಇಂಥ ಪತ್ರದಲ್ಲಿ ಒಂದು ತಪ್ಪಾದರೆ ರೋಗಿ ತಾನೇ ಔಷಧ ಹೆಚ್ಚಿಸಿಕೊಳ್ಳುತ್ತಾನೆ. ಅವಳು ಸೋಲುವುದನ್ನು ನೋಡುವ ಆಸೆಯಿಂದ ನಾನೇ, ‘ಡಾಕ್ಟರನ್ನೇ ಕೇಳೋಣ’ ಎಂದೆ.

ಫೋನಿನಲ್ಲಿ ಕಂಪನಿಯ ವೈದ್ಯೆ ನಿಧಾನವಾಗಿ ವಿವರಿಸಿದರು. ನೋಡುವುದು ನರ್ಸ್, ಹೆಚ್ಚಿಸುವುದು ವೈದ್ಯರು. ರೋಗಿ ಎರಡನ್ನೂ ಮಾಡಬಾರದು. ನಮ್ಮಿಬ್ಬರ ವಾಕ್ಯವೂ ಹೋಯಿತು. ಆದರೂ ಅರ್ಧ ನನ್ನದೇ ಸರಿ ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡೆ. ‘ನರ್ಸ್ ನಿಮ್ಮ ಸಕ್ಕರೆ ಪ್ರಮಾಣ ನೋಡಿದ ಮೇಲೆ, ವೈದ್ಯರು ಡೋಸ್ ಹೆಚ್ಚಿಸಬಹುದು’ ಎಂದು ಇಬ್ಬರೂ ಕೂತು ಬರೆದೆವು.

ಅವಳು ಮ್ಯಾನೇಜರ್ ಬಳಿ ಹೋಗಿ, ತನ್ನದು ಪೂರ್ತಿ ತಪ್ಪಾಗಿತ್ತು, ಡಾಕ್ಟರಿಗೆ ಕಾಲ್ ಮಾಡುವ ಯೋಚನೆ ಆಂಟಿಯದು ಎಂದು ಹೇಳಿದಳು. ಅವರು ಅವಳ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿದರು. ನನಗೆ ಥ್ಯಾಂಕ್ಸ್ ಅಷ್ಟೇ.

ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಅವಳು ನನ್ನ ಕಾರಿನ ಬಳಿ ಬಂದಳು.

‘ಆಂಟಿ, ನಾಳೆ ನನ್ನ ಡ್ರಾಫ್ಟ್ ಒಂದ್ಸಲ ನೋಡ್ತೀರಾ? ಯಾರು ಏನು ಮಾಡ್ತಾರೆ ಅನ್ನೋದು ನನಗೆ ಇನ್ನೂ ಡೌಟಾಗತ್ತೆ.’

‘ಕಳಿಸಮ್ಮ, ನೋಡ್ತೀನಿ’ ಎಂದೆ. ನನ್ನ ಮನೆಯಿರುವ ಮಾನ್ಮತ್ ಜಂಕ್ಷನ್ ತಲುಪುವವರೆಗೂ ಅವಳ ಮೇಲಿನ ಸಿಟ್ಟು ಇಳಿಯಲಿಲ್ಲ. ಕೇಳಿದ್ದು ನನ್ನನ್ನೇ ಎಂಬ ಹಿಗ್ಗೂ ಇಳಿಯಲಿಲ್ಲ.