ಎದೆಯ ಸದ್ದಿಗೆ ಹಾಕಿದ ಅಂಕ

ಮಂಡ್ಯದ ಮೆಡಿಕಲ್ ಕಾಲೇಜಿನ ವಾರ್ಡಿನಲ್ಲಿ ಅಂದು ನಾನು ಪರೀಕ್ಷಕ. ವಿದ್ಯಾರ್ಥಿನಿ ಬೆಸಗರಹಳ್ಳಿಯ ಅಜ್ಜಿಯೊಬ್ಬಳ ಕೇಸನ್ನು ಎಲ್ಲೂ ತಡವರಿಸದೆ, ಕ್ರಮವಾಗಿ ಒಪ್ಪಿಸಿದಳು. ನಿರೂಪಣೆಗೆ ಪೂರ್ತಿ ಅಂಕ ಕೊಟ್ಟೆ. ಹೃದಯದ ಕವಾಟ ಕಿರಿದಾಗಿದೆ ಎಂದಳು. ಅದೂ ಸರಿಯೇ. ಆದರೆ ಗಿಣಿಪಾಠ ಕೇಳಿದರೆ ನನಗೆ ಮೈ ಉರಿಯುತ್ತದೆ.

"ಎದೆಯಲ್ಲಿ ಕಿರಿದಾದ ಕವಾಟದ ಸದ್ದು ಕೇಳಿಸಿತೇನಮ್ಮ?" ಎಂದು ಅವಳನ್ನು ಕೇಳಿದೆ.

ಅವಳು ಸ್ಟೆತಸ್ಕೋಪನ್ನು ಕೊರಳಿನಿಂದ ತೆಗೆದಳು. "ಇಲ್ಲ ಸರ್."

"ಮತ್ತೆ ಹೇಗೆ ಹೇಳಿದೆ?"

ಅಜ್ಜಿ ಬಾಯಿ ಹಾಕಿದಳು. "ನಾನೇ ಯೋಳ್ದೆ ಬುಡಪ್ಪ. ವರ್ಸಾವರ್ಸ ಈ ಮಕ್ಳ ಪರೀಕ್ಸೆಗೆ ರೋಗಿಯಾಗಿ ಬತ್ತೀನಿ, ನನ್ ಕಾಯ್ಲೆ ನಂಗೊತ್ತಿಲ್ವಾ?"

"ಹೌದು ಸರ್," ಎಂದಳು ಹುಡುಗಿ, ತಲೆ ತಗ್ಗಿಸದೆ.

ಜೊತೆಯ ಪರೀಕ್ಷಕರು ಫೇಲ್ ಮಾಡಿ ಎಂದು ಸಿಡುಕಿದರು. ನಾನು ರೋಗ ಪತ್ತೆಯ ತರ್ಕಕ್ಕೆ ಸೊನ್ನೆ ಹಾಕಿದೆ. ಪ್ರಶ್ನೆ ಎದುರಿಸಿದ್ದಕ್ಕೆ ಪೂರ್ತಿ ಕೊಟ್ಟೆ.

ನಾನು ವಿದ್ಯಾರ್ಥಿಯಾಗಿದ್ದಾಗ ನನ್ನ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ, ಏನೂ ಕೇಳಿಸದಿದ್ದರೂ, "ಕೇಳಿಸಿತು ಸರ್" ಅಂದಿದ್ದೆ.